ಎಲೆ ಜೋತ ಕಸಿ ಮಾವು

"ನರ್ಸರಿಯ ಕಸಿ ಮಾವು ನೆಟ್ಟು ಹತ್ತು ದಿನ ಆಯ್ತು. ದಿನಾ ನೀರು ಹಾಕಿದರೂ ಎಲೆ ಜೋತು ಬಿದ್ದಿದೆ. ಸತ್ತೇ ಹೋಯ್ತಾ?"

ಈಗಲೇ ಕಿತ್ತು ಹಾಕಬೇಡಿ. ಕಸಿ ಕೂಡಿಸಿದ ಗಂಟಿಗಿಂತ ಮೇಲಿನ ಕಾಂಡದಲ್ಲಿ ಉಗುರಿನಿಂದ ಸಿಪ್ಪೆಯನ್ನು ಚೂರೇ ಚೂರು ಕೆರೆದು ನೋಡಿ. ಒಳಗೆ ಹಸಿರಾಗಿ ಹಸಿ ಇದ್ದರೆ ಜೀವ ಇದೆ.

ಶಿರಸಿಯ ನಮ್ಮ ಹಿತ್ತಲಲ್ಲೂ ಹೋದ ನವೆಂಬರಿನಲ್ಲಿ ಹೀಗೇ ಆಗಿತ್ತು. ಗುಂಡಿ ಮಣ್ಣೆಲ್ಲ ಒದ್ದೆ. ಆದರೆ ಬುಡದ ಹತ್ತಿರ ಬೆರಳು ತೂರಿಸಿದರೆ ನರ್ಸರಿ ಚೀಲದ ಮಣ್ಣಿನ ಹೆಂಟೆ ಬೂದಿಯ ಹಾಗೆ ಒಣಗಿತ್ತು! ಬೇರು ಇನ್ನೂ ಆ ಹೆಂಟೆ ಬಿಟ್ಟು ಹೊರಗೆ ಬಂದಿರುವುದಿಲ್ಲ ಅಲ್ವಾ, ಸುತ್ತ ಸುರಿದ ನೀರು ಅದಕ್ಕೆ ಸಿಗುವುದೇ ಇಲ್ಲ. ಹೆಂಟೆಯ ಅಗಲಕ್ಕೇ ಸಣ್ಣ ಕಟ್ಟೆ ಕಟ್ಟಿ, ಎರಡು ಲೀಟರ್ ನೀರನ್ನು ನಿಧಾನವಾಗಿ ಇಂಗಿಸಿದೆ. ಪಡುವಣ ಬಿಸಿಲಿಗೆ ಅಡಿಕೆ ಸೋಗೆ ಅಡ್ಡ ಕಟ್ಟಿದೆ. ಮೇಲೆ ಒಣ ಎಲೆಯ ದರಕು ಹಾಸಿದೆ, ಕಾಂಡಕ್ಕೆ ತಾಗದ ಹಾಗೆ. ಇದ್ದ ಎಲೆ ಅರ್ಧ ಉದುರಿತು. ಐದನೇ ವಾರಕ್ಕೆ ಕೆಂಪು ಚಿಗುರು ಬಂತು.

ನಿಮ್ಮದರಲ್ಲಿ ಹೆಂಟೆಯೇ ಕೆಸರಾಗಿ ಹುಳಿ ವಾಸನೆ ಬಂದರೆ ಕತೆ ಬೇರೆ. ಬೇರಿಗೆ ಗಾಳಿ ಸಿಗುತ್ತಿಲ್ಲ. ಎರಡು ಇಂಚು ಮಣ್ಣು ಒಣಗುವವರೆಗೆ ನೀರು ನಿಲ್ಲಿಸಿ. ಚಿಗುರು ಬಲಿಯುವ ತನಕ ಗೊಬ್ಬರ ಬೇಡ, ಯೂರಿಯಾ ಅಂತೂ ಬೇಡವೇ ಬೇಡ, ಸೋತ ಬೇರನ್ನು ಸುಡುತ್ತದೆ. ಕಸಿ ಗಂಟಿನ ಕೆಳಗೆ ಚಿಗುರಿದರೆ ಖುಷಿಪಡಬೇಡಿ, ಅದು ಕಸಿ ಕಟ್ಟಲು ಬಳಸಿದ ಅಡಿಗಿಡದ್ದು, ನೀವು ಬಯಸಿದ ಮಾವಿನದಲ್ಲ. ಚಿವುಟಿ ತೆಗೆಯಿರಿ.