ಮೊದಲ ಗಂಟೆಯ ವ್ಯೂಸ್ ಅನ್ನು 24ರಿಂದ ಗುಣಿಸಬಹುದೇ?

"ಬ್ರೇಕಿಂಗ್ ನ್ಯೂಸ್ ವಿಡಿಯೊಗೆ ಮೊದಲ ಗಂಟೆಯಲ್ಲಿ ಬಂದ ವ್ಯೂಸ್ ಅನ್ನು 24ರಿಂದ ಗುಣಿಸಿ, ಒಂದು ದಿನದ ಲೆಕ್ಕ ಸಿಗುತ್ತೆ."

ಸಿಗೋದಿಲ್ಲ. ಬಿಸಿ ಸುದ್ದಿ ಬೇಗ ಆರುತ್ತದೆ, ಪ್ರತಿ ಗಂಟೆಗೂ ಹೊಸ ವ್ಯೂಸ್ ಕಡಿಮೆಯಾಗುತ್ತಾ ಹೋಗುತ್ತದೆ. ಹೊಸ ವ್ಯೂಸ್ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವೇ ಅರ್ಧಾಯುಷ್ಯ.

ಒಂದು ಲೆಕ್ಕ ನೋಡಿ. ಮೊದಲ ಗಂಟೆ 40,000, ಎರಡನೆಯದು 20,000, ಮೂರನೆಯದು 10,000 ಅಂದುಕೊಳ್ಳಿ. ಇಲ್ಲಿ ಅರ್ಧಾಯುಷ್ಯ ಒಂದು ಗಂಟೆ. ಹೀಗೇ ಇಳಿದರೆ ಒಟ್ಟು ಸುಮಾರು 80,000. ಗುಣಾಕಾರ ಹೇಳುವುದು 9,60,000! ನಿಜದಲ್ಲಿ ಕೊನೆಕೊನೆಗೆ ಬರುವ ವ್ಯೂಸ್ ಇಷ್ಟು ಬೇಗ ನಿಲ್ಲೋದಿಲ್ಲ, ಹುಡುಕಿ ಬರುವವರು ಇರ್ತಾರಲ್ವಾ? ಹಾಗಾಗಿ 80,000ಕ್ಕಿಂತ ಜಾಸ್ತಿಯೂ ಆಗಬಹುದು.

ನೀವೇ ಪರೀಕ್ಷಿಸಬಹುದು. ಹೊಸ ವಿಡಿಯೊ ಬಂದಾಗಿನಿಂದ ಗಂಟೆಗೊಮ್ಮೆ ವ್ಯೂಸ್ ಬರೆದಿಡಿ, ಹಿಂದಿನದನ್ನು ಕಳೆಯಿರಿ. ಕೌಂಟರ್ ಕೆಲವೊಮ್ಮೆ ತಡವಾಗಿ ಏರುತ್ತದೆ, ಆದ್ದರಿಂದ ಒಂದೇ ಗಂಟೆಯ ಅಂಕಿ ನಂಬಬೇಡಿ.

ಹಾಗಂತ ಮೊದಲ ಗಂಟೆ ಸುಮ್ನೆ ಅಲ್ಲ. ಅದೇ ಚಾನೆಲ್‌ನ ಹಳೆಯ ಹತ್ತು ಸುದ್ದಿ ವಿಡಿಯೊಗಳಲ್ಲಿ, ಒಂದು ದಿನದ ವ್ಯೂಸ್ ಮೊದಲ ಗಂಟೆಯ ಎಷ್ಟು ಪಟ್ಟು ಎಂದು ನೋಡಿ. ಆ ಹತ್ತು ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದರೆ ನಡುವೆ ಬರುವ ಎರಡರ ಸರಾಸರಿಯೇ ನಿಮ್ಮ ಗುಣಕ. ನನಗೆ ಕಂಡಂತೆ ಇದು ಅಂದಾಜಿಗೆ ಸಾಕು. ಆದರೆ ಮಧ್ಯರಾತ್ರಿ ಹಾಕಿದ ವಿಡಿಯೊಗೆ ಇದು ಕೈಕೊಡುತ್ತದೆ: ನೋಡುವವರು ಎದ್ದಿರುವುದೇ ಬೆಳಿಗ್ಗೆ.