ಬಿಲ್ಲಿನ ತಾರೀಖಿಗಿಂತ ಕಾಟಾ ಚೀಟಿಯ ತಾರೀಖು ಮುಖ್ಯ

ಮಾರ್ಚ್ 31ರ ಆಸುಪಾಸಿನ ಮಾರಾಟದ ಬಿಲ್ಲುಗಳನ್ನು ಪರಿಶೀಲಿಸುವಾಗ ನಮ್ಮ ಲೆಕ್ಕಪರಿಶೋಧನೆಯ ವೃತ್ತಿಯ ಅನೇಕರು ಬಿಲ್ಲಿನ ತಾರೀಖನ್ನು ಲೆಡ್ಜರಿನ ತಾರೀಖಿನೊಂದಿಗೆ ತಾಳೆ ನೋಡಿ ಮುಂದೆ ಹೋಗುತ್ತಾರೆ. ಎರಡನ್ನೂ ಬರೆಯುವವರು ಒಬ್ಬರೇ ಆಗಿರುವಾಗ ಅವು ತಾಳೆಯಾದರೆ ಏನೂ ಸಾಬೀತಾಗುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ನಾನು ಕಂಡದ್ದನ್ನೇ ಹೇಳುತ್ತೇನೆ. 50 ಕಿಲೋ ತೂಕದ 400 ಚೀಲ ತೊಗರಿ ಬೇಳೆಗೆ, ಕ್ವಿಂಟಲಿಗೆ 11,000 ರೂಪಾಯಿಯಂತೆ 22 ಲಕ್ಷದ ಬಿಲ್ಲು ಮಾರ್ಚ್ 31ಕ್ಕೆ ಆಗಿತ್ತು. ಈ ಬಗೆಯ ದೊಡ್ಡ ಚೀಲದ ಬೇಳೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಇ-ವೇ ಬಿಲ್ಲೂ ಇರಲಿಲ್ಲ. ನಾನು ಲಾರಿ ತೂಗಿದ ಕಾಟಾ ಚೀಟಿ ಕೇಳಿದೆ. ಖಾಲಿ ಲಾರಿಯ ತೂಕ, ತುಂಬಿದ ಲಾರಿಯ ತೂಕ ಎರಡೂ ಏಪ್ರಿಲ್ 2ರ ಬೆಳಿಗ್ಗೆಯವು. ಸಾಗಣೆದಾರರ ಬಿಲ್ಟಿಯಲ್ಲೂ ಅದೇ ದಿನಾಂಕವಿತ್ತು.

"ಬಿಲ್ಲ ಆಗ್ಯಾದ ಅಂದ್ಮ್ಯಾಲ ಮಾಲು ಅವರದೇ ಆತಲ್ರಿ ಸರ್, ಲಾರಿ ಸಿಗಲಿಲ್ಲ ಅಷ್ಟೇ" ಎಂದರು ಮುನೀಮರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಖರೀದಿದಾರರೇ ಮಾಲು ಇಟ್ಟುಕೊಳ್ಳಿರೆಂದು ಕೇಳಿ, ಒಡೆತನವನ್ನೂ ಬಿಲ್ಲನ್ನೂ ಒಪ್ಪಿಕೊಂಡಿದ್ದು, ಚೀಲಗಳು ಬೇರೆಯಾಗಿ ಗುರುತಾಗಿ ಕಳಿಸಲು ಸಿದ್ಧವಾಗಿದ್ದರೆ, ಆದಾಯವನ್ನು ಯಾವಾಗ ಬರೆಯಬೇಕೆಂದು ಹೇಳುವ ಲೆಕ್ಕಪತ್ರ ಮಾನದಂಡ ಎಎಸ್ 9ರ ಪ್ರಕಾರ ಅದನ್ನು ಮಾರಾಟವೆಂದೇ ಬರೆಯಬಹುದು. ಇಲ್ಲಿ ಅಂಥ ಪತ್ರವಿರಲಿಲ್ಲ. ಖರೀದಿದಾರರ ಗೋದಾಮಿಗೆ ಮಾಲು ಮುಟ್ಟಿಸುವ ಹೊಣೆ ಮಿಲ್ಲಿನದೇ ಎಂಬ ಕರಾರು ಮಾತ್ರ ಇತ್ತು. ಅಂಥ ಕರಾರಿದ್ದಾಗ ಲಾರಿ 31ಕ್ಕೇ ಹೊರಟು ಇನ್ನೂ ದಾರಿಯಲ್ಲಿದ್ದರೂ ಮಾರಾಟವನ್ನು ಆ ವರ್ಷಕ್ಕೆ ಸೇರಿಸಲಾಗದು.

ನನಗೆ ನಿಜಕ್ಕೂ ಆತಂಕವಾದದ್ದು ದಾಸ್ತಾನಿನ ಪಟ್ಟಿ ನೋಡಿದಾಗ. 31ರ ಸಂಜೆ ಗೋದಾಮಿನಲ್ಲಿದ್ದ ಪ್ರತಿಯೊಂದು ಚೀಲವನ್ನೂ ಎಣಿಸಿದ್ದರು, ಈ 400 ಚೀಲಗಳನ್ನೂ ಸೇರಿಸಿ. ಕ್ವಿಂಟಲಿಗೆ 10,200ರ ಅಸಲಿನಂತೆ 20.40 ಲಕ್ಷದ ಮಾಲು ದಾಸ್ತಾನಿನಲ್ಲಿತ್ತು, ಅದೇ ಮಾಲು 22 ಲಕ್ಷಕ್ಕೆ ಮಾರಾಟದಲ್ಲೂ ಇತ್ತು. ಎಣಿಕೆಯಿಂದ ಚೀಲಗಳನ್ನು ಬಿಟ್ಟಿದ್ದರೆ 1.60 ಲಕ್ಷ ಲಾಭವಷ್ಟೇ ತಪ್ಪು ವರ್ಷಕ್ಕೆ ಬೀಳುತ್ತಿತ್ತು. ಬಿಡದ ಕಾರಣ ಲಾಭ ಪೂರ್ತಿ 22 ಲಕ್ಷ ಹೆಚ್ಚಾಗಿ ಕಂಡಿತು. ಆದ್ದರಿಂದ ಬಿಲ್ಲನ್ನೂ ಎಣಿಕೆ ಪಟ್ಟಿಯನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕು.

ಮಾರಾಟ ಹೆಚ್ಚಾಗಿ ತೋರಿಸಿದ್ದಾರೆಯೇ ಎಂದು ತಿಳಿಯಲು ಮಾರ್ಚ್ ಕೊನೆಯ ಬಿಲ್ಲುಗಳಿಂದ ಕಾಟಾ ಚೀಟಿಗೆ ಹೋಗಬೇಕು. ಮುಂದಿನ ವರ್ಷಕ್ಕೆ ತಳ್ಳಿದ್ದಾರೆಯೇ ಎಂದು ತಿಳಿಯಲು ದಾರಿ ತಿರುವುಮುರುವು: ಗೇಟಿನ ರಿಜಿಸ್ಟರಿನಲ್ಲಿ ಮಾರ್ಚ್ ಕೊನೆಗೆ ಹೊರಬಿದ್ದ ಲಾರಿಗಳನ್ನು ಹಿಡಿದು ಅವುಗಳ ಬಿಲ್ಲು ಹುಡುಕಬೇಕು, ಏಕೆಂದರೆ ಆಗದ ಬಿಲ್ಲು ಬಿಲ್ಲುಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಮಾರ್ಚಿನ ಬಿಲ್ಲನ್ನು ಆಮೇಲೆ ರದ್ದು ಮಾಡಿದ್ದರೆ ಗೊತ್ತಾಗಲೆಂದು ಏಪ್ರಿಲ್ ತಿಂಗಳ ಕ್ರೆಡಿಟ್ ನೋಟುಗಳನ್ನೂ ನಾನು ಬಿಡುವುದಿಲ್ಲ.

ಆ ಮಿಲ್ಲಿನಲ್ಲಿ 22 ಲಕ್ಷವನ್ನು ಮಾರ್ಚ್ ಮಾರಾಟದಿಂದಲೂ ಪಾರ್ಟಿಯ ಬಾಕಿಯಿಂದಲೂ ತೆಗೆಸಿದೆವು. ದಾಸ್ತಾನನ್ನು ಮುಟ್ಟಲಿಲ್ಲ, ಹಮಾಲರು ಎಣಿಸಿಕೊಟ್ಟ ಲೆಕ್ಕ ಸರಿಯಾಗಿಯೇ ಇತ್ತು.