ಒದೆಯೋರು ಅವ್ರು, ನಿದ್ದೆಗೆಡೋಳು ನಾನು, ಆದ್ರೆ ಕಾಯಿಲೆ ಯಾರಿಗೂ ಇಲ್ವಂತೆ

"ನಮ್ಮನೆಯವರು ರಾತ್ರಿ ನಿದ್ದೇಲಿ ಕಾಲು ಒದೀತಾರೆ" ಅಂತ ಯಾರಿಗಾದ್ರೂ ಹೇಳಿ ನೋಡಿ, ಉತ್ತರ ರೆಡಿ ಇರತ್ತೆ. "ಓ ಅದಾ, ರೆಸ್ಟ್‌ಲೆಸ್ ಲೆಗ್ಸ್ ಕಣ್ರೀ, ನಮ್ಮ ಭಾವನಿಗೂ ಇತ್ತು, ಬಿ12 ತಗೊಳ್ಳಿ." ಒಬ್ರು ಕ್ಯಾಲ್ಸಿಯಂ ಅಂತಾರೆ, ಇನ್ನೊಬ್ರು ಮೆಗ್ನೀಷಿಯಂ ಅಂತಾರೆ, ಪಕ್ಕದ್ಮನೆ ಆಂಟಿ ಹರಳೆಣ್ಣೆ ತಿಕ್ಕಿ ಅಂತಾರೆ. ಅಲ್ರೀ, ಅದು ರೆಸ್ಟ್‌ಲೆಸ್ ಲೆಗ್ಸ್ ಅಲ್ಲ! ಎಷ್ಟು ಸಲ ಬಡ್ಕೊಳ್ಳಿ ನಾನು? ಆ ಕಾಯಿಲೆ ಹೇಗಿರತ್ತೆ ಅಂತ ನಂಗೆ ಯಾರೂ ಹೇಳಿಕೊಡೋದು ಬೇಡ, ಯಾಕಂದ್ರೆ ಅದಿರೋದು ನಮ್ಮತ್ತೆಗೆ, ಇದಿರೋದು ಅವರ ಮಗನಿಗೆ, ಎರಡನ್ನೂ ಒಂದೇ ಮನೇಲಿ ದಿನಾ ರಾತ್ರಿ ನೋಡ್ತಿರೋ ದೌರ್ಭಾಗ್ಯ ನಂದು.

ಅತ್ತೆದು ಎಚ್ಚರ ಇದ್ದಾಗ ಬರೋ ಕಾಟ. ಬೆಳಿಗ್ಗೆಯಿಂದ ಸಂಜೆವರೆಗೂ ಏನೂ ಇಲ್ಲ, ಅಡುಗೆ ಮನೇಲಿ ನಿಂತು ಹತ್ತು ಜನಕ್ಕೆ ಅಡುಗೆ ಮಾಡ್ತಾರೆ. ರಾತ್ರಿ ಊಟ ಆಗಿ ಸೀರಿಯಲ್ ನೋಡೋಕೆ ಕೂತ್ರೋ, ಶುರು. ಮೀನಖಂಡದ ಒಳಗೆ ಏನೋ ಹರಿದಾಡತ್ತಂತೆ, ಎಳೆಯತ್ತಂತೆ, ನೋವು ಅಂತಾನೂ ಹೇಳೋಕಾಗಲ್ಲ ತುರಿಕೆ ಅಂತಾನೂ ಹೇಳೋಕಾಗಲ್ಲ, ಕಾಲು ಆಡಿಸ್ಲೇಬೇಕು ಅನ್ಸತ್ತಂತೆ. ಎದ್ದು ಹಾಲಿಂದ ಅಡುಗೆಮನೆಗೆ ಓಡಾಡಿದ್ರೆ ಆರಾಮ, ಕೂತ್ರೆ ಮತ್ತೆ ಅದೇ. ರಾತ್ರಿ ಬಸ್ಸಲ್ಲಿ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿ ನಾವು ಪಟ್ಟ ಪಾಡು ಆ ದೇವರಿಗೇ ಗೊತ್ತು. ಇದನ್ನ ಕಂಡುಹಿಡಿಯೋಕೆ ಮಿಷನ್ನೇ ಬೇಡ, ಕೇಳಿದ್ರೆ ಸಾಕು: ಕಾಲು ಆಡಿಸ್ಬೇಕು ಅನ್ನೋ ಒತ್ತಡ ಇದ್ಯಾ, ಸುಮ್ಮನೆ ಕೂತಾಗ ಮಲಗಿದಾಗ ಬರತ್ತಾ, ಓಡಾಡಿದ್ರೆ ಕಮ್ಮಿ ಆಗತ್ತಾ, ಸಂಜೆ ರಾತ್ರಿ ಜಾಸ್ತಿನಾ. ಆಮೇಲೆ ಇದೆಲ್ಲ ಬೇರೆ ಯಾವುದರಿಂದಾನೋ ಬರ್ತಿಲ್ಲ ಅಂತ ಡಾಕ್ಟ್ರು ಖಚಿತ ಮಾಡ್ಕೋತಾರೆ, ಅಷ್ಟೇ.

ಅವರ ಮಗಂದು? ದಿಂಬಿಗೆ ತಲೆ ಕೊಟ್ಟರೆ ಐದೇ ನಿಮಿಷಕ್ಕೆ ನಿದ್ದೆ. ಕಾಲಲ್ಲಿ ಏನಾದ್ರೂ ಆಗತ್ತಾ ಅಂದ್ರೆ "ಇಲ್ವಲ್ಲ" ಅಂತಾರೆ, ಸುಳ್ಳಲ್ಲ, ನಿಜವಾಗ್ಲೂ ಏನೂ ಆಗಲ್ಲ ಅವರಿಗೆ. ಅರ್ಧ ಗಂಟೆ ಆದ್ಮೇಲೆ ಶುರುವಾಗತ್ತೆ. ಮೊದಲು ಕಾಲಿನ ಹೆಬ್ಬೆರಳು ಮೇಲಕ್ಕೇಳತ್ತೆ, ಹಿಂದೇನೇ ಪಾದ ಮೇಲಕ್ಕೆ ಮಡಚ್ಕೊಳತ್ತೆ, ಕೆಲವೊಮ್ಮೆ ಮಂಡಿನೂ ಬಾಗತ್ತೆ, ಆಮೇಲೆ ಕಾಲು ವಾಪಸ್ ನೀಡಿಕೊಳ್ಳುವಾಗ ಸರಿಯಾಗಿ ನನ್ನ ಕಾಲಿಗೆ ಬೀಳತ್ತೆ. ಒಂದೆರಡು ಸೆಕೆಂಡು ಅಷ್ಟೇ. ಆಮೇಲೆ ಸೈಲೆಂಟ್. ಸದ್ಯ ನಿಲ್ತು ಅಂದ್ಕೊಂಡು ಕಣ್ಣು ಮುಚ್ಚಿದ್ರೆ ಇನ್ನೊಂದು ಇಪ್ಪತ್ತೈದು ಮೂವತ್ತು ಸೆಕೆಂಡಿಗೆ ಮತ್ತೆ. ವಾಷರ್ ಹೋಗಿರೋ ನಲ್ಲಿ ತೊಟ್ಟಿಕ್ಕೋ ಹಾಗೆ, ಮುಂದಿನದು ಯಾವಾಗ ಬೀಳತ್ತೆ ಅಂತ ಕಾಯ್ತಾ ಕೂರೋದೇ ಚಿತ್ರಹಿಂಸೆ. ಬೆಳಿಗ್ಗೆ ಕೇಳಿದ್ರೆ "ನಾನೆಲ್ಲಿ ಒದ್ದೆ? ನಿಂಗೆ ಕನಸು ಬಿದ್ದಿರಬೇಕು" ಅಂತೆ. ಮೊಬೈಲಲ್ಲಿ ವೀಡಿಯೊ ಮಾಡಿ ತೋರಿಸಿದ್ಮೇಲೆ ಬಾಯಿ ಮುಚ್ಕೊಂಡ್ರು.

ಇದರ ಹೆಸರು ಪೀರಿಯಾಡಿಕ್ ಲಿಂಬ್ ಮೂವ್‌ಮೆಂಟ್ಸ್, ನಿದ್ದೇಲಿ ಗತಿ ಹಿಡಿದು ಕಾಲು ಆಡೋದು. ನಿದ್ದೆ ಹತ್ತುವಾಗ ಎಲ್ರಿಗೂ ಒಂದು ಸಲ ದಡ್ ಅಂತ ಬೆಚ್ಚಿಬೀಳೋ ಹಾಗಾಗತ್ತಲ್ಲ, ಅದಲ್ಲ. ಮೀನಖಂಡ ಹಿಡ್ಕೊಂಡು ಅಯ್ಯೋ ಅಂತ ಎದ್ದು ಕೂರ್ತೀವಲ್ಲ, ಅದೂ ಅಲ್ಲ.

ನಮ್ಮ ಮೊದಲನೇ ಡಾಕ್ಟರ್ ಏನ್ ಮಾಡಿದ್ರು ಗೊತ್ತಾ? "ತಾಯಿಗೆ ರೆಸ್ಟ್‌ಲೆಸ್ ಲೆಗ್ಸ್ ಇದೆ" ಅಂದಿದ್ದಷ್ಟೇ ಕಿವಿಗೆ ಬಿದ್ದಿದ್ದು, "ಹಾಗಾದ್ರೆ ಇವರಿಗೂ ಅದೇ" ಅಂತ ಡೋಪಮೈನ್ ಥರ ಕೆಲಸ ಮಾಡೋ ಮಾತ್ರೆ ಬರೆದ್ರು. ಮೇಲೆ ಹೇಳಿದ್ನಲ್ಲ, ಆ ಪ್ರಶ್ನೆಗಳಲ್ಲಿ ಒಂದನ್ನಾದ್ರೂ ಕೇಳ್ಬೇಕಿತ್ತಲ್ವಾ? ಇವರಿಗೆ ವಾಕರಿಕೆ, ತಲೆಸುತ್ತು, ಆಫೀಸಿಗೆ ರಜೆ. ಗೊಂದಲಕ್ಕೆ ಕಾರಣಾನೂ ಇದೆ ಅನ್ನಿ. ರೆಸ್ಟ್‌ಲೆಸ್ ಲೆಗ್ಸ್ ಇರೋರಲ್ಲಿ ಹೆಚ್ಚುಕಮ್ಮಿ 80% ಜನಕ್ಕೆ ನಿದ್ದೇಲಿ ಈ ಒದೆಯೋದೂ ಇರತ್ತೆ, ಅತ್ತೆಗೂ ಇರಬಹುದು, ಪಕ್ಕದಲ್ಲಿ ಯಾರೂ ಮಲಗಲ್ಲವಾದ್ರಿಂದ ಗೊತ್ತಾಗಿಲ್ಲ. ಆದ್ರೆ ಅದನ್ನ ತಿರುಗಿಸಿ ಹೇಳೋಕಾಗಲ್ಲ. ನಿದ್ದೇಲಿ ಒದೆಯೋರಲ್ಲಿ ಹೆಚ್ಚಿನವ್ರಿಗೆ ರೆಸ್ಟ್‌ಲೆಸ್ ಲೆಗ್ಸ್ ಇರಲ್ಲ, ಅದ್ರಲ್ಲೂ ವಯಸ್ಸಾದವ್ರಲ್ಲಿ ಸುಮ್ನೆ ಒದೆಯೋರು ಬೇಕಾದಷ್ಟು ಜನ ಇದ್ದಾರೆ.

ಕೊನೆಗೆ ನಿದ್ದೆ ಡಾಕ್ಟರ್ ಹತ್ರ ಹೋಗಿ ಸ್ಲೀಪ್ ಸ್ಟಡಿ ಮಾಡಿಸಿದ್ವಿ. ತಲೆಗೆ ವೈರು, ಮೂಗಿಗೆ ವೈರು, ಮೊಣಕಾಲಿನ ಕೆಳಗೆ ಮುಂದಿನ ಮೂಳೆ ಪಕ್ಕದ ಮಾಂಸಖಂಡದ ಮೇಲೆ ಎರಡೂ ಕಾಲಿಗೆ ಅಂಟಿಸಿದ್ರು. ಲೆಕ್ಕಕ್ಕೂ ರೂಲ್ಸ್ ಇದೆ: ಒಂದೊಂದು ಚಲನೆ ಅರ್ಧ ಸೆಕೆಂಡಿಂದ 10 ಸೆಕೆಂಡ್ ಒಳಗಿರಬೇಕು, ಒಂದು ಶುರುವಾಗಿ ಇನ್ನೊಂದು ಶುರುವಾಗೋಕೆ 5ರಿಂದ 90 ಸೆಕೆಂಡ್ ಇರಬೇಕು, ಸಾಲಾಗಿ ನಾಲ್ಕಾದ್ರೂ ಬಂದಿರಬೇಕು, ಉಸಿರು ಕಟ್ಟಿ ಒದ್ದಾಡಿದ್ದನ್ನ ಸೇರಿಸೋ ಹಾಗಿಲ್ಲ. ದೊಡ್ಡವರಲ್ಲಿ ಗಂಟೆಗೆ 15 ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಇವರದ್ದು 28. ನಂಗೆ ಒಳಗೊಳಗೇ ಖುಷಿ, ಅಂತೂ ನನ್ನ ಮಾತು ಕಾಗದದ ಮೇಲೆ ಬಂತಲ್ಲ ಅಂತ.

ಆದ್ರೆ ಡಾಕ್ಟ್ರು ಇನ್ನೊಂದು ಸಾಲು ತೋರಿಸಿದ್ರು. ಅಷ್ಟು ಒದೆತದಲ್ಲಿ ಇವರ ಮೆದುಳು ಎಚ್ಚರದ ಕಡೆ ಹೊರಳಿದ್ದು ಗಂಟೆಗೆ ಎರಡೇ ಸಲ. ಹಗಲು ತೂಕಡಿಕೆ ಇಲ್ಲ, ಸುಸ್ತಿಲ್ಲ. ಹಾಗಾಗಿ "ಇದು ಚಲನೆ ಅಷ್ಟೇ ಅಮ್ಮ, ಕಾಯಿಲೆ ಅಂತ ಬರೆಯೋಕಾಗಲ್ಲ" ಅಂದ್ರು. ಕಾಯಿಲೆ ಅನ್ಬೇಕಾದ್ರೆ ಒದೆಯೋರ ನಿದ್ದೆ ಹಾಳಾಗ್ಬೇಕಂತೆ, ಅಥವಾ ಅದ್ರಿಂದ ಅವ್ರ ಹಗಲಿನ ಕೆಲಸಕ್ಕೆ ತೊಂದ್ರೆ ಆಗ್ಬೇಕಂತೆ, ಅದಕ್ಕೆ ಬೇರೆ ಕಾರಣಾನೂ ಇರಬಾರದಂತೆ. ನಾನು ಕೇಳ್ದೆ, ಸರ್, ನನ್ನ ನಿದ್ದೆ ಹಾಳಾಗ್ತಿದ್ಯಲ್ಲ, ಅದನ್ನ ಯಾವ ಕಾಲಮ್ಮಲ್ಲಿ ಬರೀತೀರಾ? ನಕ್ಕುಬಿಟ್ರು! ನಂಗೆ ನಗು ಬರ್ಲಿಲ್ಲ. ಡಿಪ್ರೆಶನ್ ಮಾತ್ರೆ ಏನಾದ್ರೂ ತಗೋತಾರಾ ಅಂತಾನೂ ಕೇಳಿದ್ರು, ಅದ್ರಲ್ಲಿ ಕೆಲವು ಈ ಒದೆತ ಹೆಚ್ಚಿಸ್ತವಂತೆ. ಇವ್ರು ತಗೊಳ್ಳಲ್ಲ. ಒಟ್ನಲ್ಲಿ ಮಾತ್ರೆ ಬೇಡ, ಹಾಸಿಗೆ ಬೇರೆ ಮಾಡ್ಕೊಳ್ಳಿ. ನನಗೆ ಆ ಮಾತು ಸರಿ ಅನ್ನಿಸ್ತು, ಸಿಟ್ಟು ಮಾತ್ರ ಹೋಗ್ಲಿಲ್ಲ.

ನಿಜವಾಗಿ ಟ್ರೀಟ್‌ಮೆಂಟ್ ಬೇಕಿದ್ದ ಅತ್ತೆ ಕಥೆ ಕೇಳಿದ್ರೆ ಇನ್ನೂ ಉರಿಯತ್ತೆ. ವರ್ಷಗಟ್ಟಲೆ "ವಯಸ್ಸಾಯ್ತು, ನರದ ವೀಕ್‌ನೆಸ್" ಅಂತ ತಳ್ಳಿದ್ರು. "ಹಿಮೋಗ್ಲೋಬಿನ್ 12.4 ಇದೆ, ರಕ್ತ ಚೆನ್ನಾಗಿದೆ" ಅಂತ ಕಳಿಸಿದ್ರು. ಇದೇ ನಿದ್ದೆ ಡಾಕ್ಟ್ರು ಫೆರಿಟಿನ್ ನೋಡ್ಸಿ ಅಂದ್ರು, ಅಂದ್ರೆ ಮೈಯಲ್ಲಿ ಕಬ್ಬಿಣ ಎಷ್ಟು ಉಳಿತಾಯ ಇದೆ ಅಂತ. ಬಂದಿದ್ದು 22. ರಿಪೋರ್ಟಲ್ಲಿ ಅದು ನಾರ್ಮಲ್ ರೇಂಜ್ ಒಳಗೇ ಇತ್ತು, ಆದ್ರೆ ರೆಸ್ಟ್‌ಲೆಸ್ ಲೆಗ್ಸ್ ಇರೋರಿಗೆ 75ರವರೆಗೂ ಕಮ್ಮಿ ಅಂತಾನೇ ನೋಡಿ ಕಬ್ಬಿಣ ಕೊಡ್ತಾರಂತೆ. ಈಗ ಕಬ್ಬಿಣದ ಮಾತ್ರೆ, ಕಾಫಿ ಜೊತೆ ಅಲ್ಲ, ನಿಂಬೆ ಪಾನಕದ ಜೊತೆ. ಶೀತಕ್ಕೆ ಅಂತ ನುಂಗ್ತಿದ್ದ ನಿದ್ದೆ ಬರೋ ಹಳೇ ಥರದ ಅಲರ್ಜಿ ಮಾತ್ರೆ ಬಂದ್, ಅದು ಈ ಕಾಟ ಹೆಚ್ಚಿಸತ್ತೆ. ಒಂದೇ ವಾರಕ್ಕೆ ಆಗೋದಲ್ಲ, ತಿಂಗಳುಗಳೇ ಬೇಕು, ಈಗೀಗ ಸೀರಿಯಲ್ ಮುಗಿಯೋವರೆಗೆ ಕೂರ್ತಾರೆ.

ನಾವಿಬ್ರು ಎರಡು ಸಿಂಗಲ್ ಮಂಚ ತಗೊಂಡು ಮಧ್ಯೆ ಮೊಳ ಜಾಗ ಬಿಟ್ಟು ಹಾಕ್ಕೊಂಡಿದೀವಿ. ಹೋದ ತಿಂಗಳು ಬಂದಿದ್ದ ಚಿಕ್ಕಮ್ಮ ಅದನ್ನ ನೋಡಿ "ಏನೇ ಇದು, ಜಗಳಾನಾ?" ಅಂತ ಕೇಳಿ, ನಾನು ಇಷ್ಟೂ ವಿವರಿಸಿದ್ಮೇಲೂ, ಊರಿಗೆ ಹೋಗಿ ನೆಂಟರಿಗೆಲ್ಲ ಫೋನ್ ಮಾಡಿ ಇವರಿಬ್ರಿಗೂ ಸರಿಯಿಲ್ಲ ಅಂತ ಹೇಳಿದಾರೆ. ಹೇಳ್ಕೊಳ್ಲಿ, ನಾನಂತೂ ಮಂಚ ಸೇರಿಸಲ್ಲ.